ಯುಗಾದಿ ಗೊತ್ತಿಲ್ಲದವರಿಗೆ ‘ಆದರೂ’ ಕಲಿಸುವುದು ಹೇಗೆ?

ಕನ್ನಡ ಕಲಿಸುವ ಪುಸ್ತಕವೊಂದರಲ್ಲಿ ‘ಆದರೂ’ ಪಾಠಕ್ಕೆ ಈ ಉದಾಹರಣೆ ಕೊಟ್ಟಿದ್ದಾರೆ ಎಂದುಕೊಳ್ಳೋಣ: “ಯುಗಾದಿಯಾದರೂ ಅವನು ಎಣ್ಣೆ ಹಚ್ಚಿಕೊಳ್ಳಲಿಲ್ಲ.” ಮೈಸೂರು, ಮಂಡ್ಯದ ಕಡೆ ಬೆಳೆದವರಿಗೆ ಇದರಲ್ಲಿ ತೊಡಕೇ ಇಲ್ಲ. ಯುಗಾದಿಯ ಬೆಳಗ್ಗೆ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಿಸಿನೀರಲ್ಲಿ ಮೀಯುವುದು ಪದ್ಧತಿ. ಇವನು ಹಾಗೆ ಮಾಡಲಿಲ್ಲ. ಆಗಬೇಕಾದದ್ದು ಆಗಲಿಲ್ಲ ಎಂಬುದನ್ನು ‘ಆದರೂ’ ಹೇಳುತ್ತಿದೆ.

ಈ ವಾಕ್ಯವನ್ನು ಮಿಜೋರಾಮಿನಿಂದ ಬಂದು ಕನ್ನಡ ಕಲಿಯುತ್ತಿರುವ ಶಿಕ್ಷಕಿಯ ಮುಂದೆ ಇಡಿ. ಯುಗಾದಿ ಹೊಸ ವರ್ಷದ ಹಬ್ಬ ಎಂದು ಅಡಿಟಿಪ್ಪಣಿ ಓದಿ ತಿಳಿದುಕೊಂಡಾರು. ಆದರೆ ಆ ದಿನ ಎಣ್ಣೆ ಹಚ್ಚಿಕೊಳ್ಳಬೇಕೋ, ಹಚ್ಚಿಕೊಳ್ಳಬಾರದೋ? ಅದು ವಾಕ್ಯದಲ್ಲೂ ಇಲ್ಲ, ಟಿಪ್ಪಣಿಯಲ್ಲೂ ಇಲ್ಲ. ಹಬ್ಬದ ದಿನ ಎಣ್ಣೆ ನಿಷಿದ್ಧ ಎಂದು ಅವರು ಭಾವಿಸಿದರೆ, ‘ಯುಗಾದಿಯಾದ್ದರಿಂದ ಹಚ್ಚಿಕೊಳ್ಳಲಿಲ್ಲ’ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ‘ಆದರೂ’ ಮತ್ತು ‘ಆದ್ದರಿಂದ’ ಒಂದಕ್ಕೊಂದು ತದ್ವಿರುದ್ಧ. ಪದಗಳೆಲ್ಲ ಗೊತ್ತಿದ್ದೂ ಓದುಗರು ಎದುರು ದಿಕ್ಕಿಗೆ ಹೋಗಬಹುದಾದ ವಾಕ್ಯ ಇದು.

ತೊಂದರೆ ಇರುವುದು ‘ಯುಗಾದಿ’ ಎಂಬ ಹೆಸರಿನಲ್ಲಿ ಅಲ್ಲ, ಆ ಹೆಸರಿನ ಹಿಂದೆ ಹೇಳದೆ ಬಿಟ್ಟ ನಿರೀಕ್ಷೆಯಲ್ಲಿ. ‘ಆದರೂ’, ‘ಆದ್ದರಿಂದ’, ‘ಕೊನೆಗೂ’, ‘ಇನ್ನೂ’ ಮೊದಲಾದ ಪದಗಳೆಲ್ಲ ಇಂಥ ನಿರೀಕ್ಷೆಯ ಮೇಲೆಯೇ ನಿಂತಿರುತ್ತವೆ. ಉದಾಹರಣೆ ಬರೆಯುವವರು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲೇ. “ಅಂಗಡಿಯಲ್ಲಿ ರಂಗೋಲಿ ಪುಡಿ ಇದೆ” ಎಂದರೆ ರಂಗೋಲಿ ಕಾಣದವರಿಗೂ ‘ಇದೆ’ ಅರ್ಥವಾಗುತ್ತದೆ. ಅಂಥ ವಾಕ್ಯವನ್ನು ಮುಟ್ಟಬೇಕಾಗಿಲ್ಲ.

ಯುಗಾದಿಯ ವಾಕ್ಯವನ್ನು ತಿದ್ದಲು ಕೂತವರು ಮೊದಲು ಮಾಡುವುದು ಹಬ್ಬದ ಬದಲಿಗೆ ಹಬ್ಬ ಇಡುವುದು. ಮಿಜೋರಾಮಿನವರಿಗೆ ಕ್ರಿಸ್‌ಮಸ್, ಪಂಜಾಬಿನವರಿಗೆ ಬೈಸಾಖಿ. ಇದು ಸರಿಹೋಗುವುದಿಲ್ಲ. ಕ್ರಿಸ್‌ಮಸ್ಸಿಗೂ ಎಣ್ಣೆಸ್ನಾನಕ್ಕೂ ಸಂಬಂಧವಿಲ್ಲ, ಹಾಗಾಗಿ ವಾಕ್ಯದ ಉಳಿದರ್ಧವನ್ನೂ ಬದಲಿಸಬೇಕು. ಬದಲಿಸಿದ ಮೇಲೆ ಅದು ಇನ್ನೊಂದು ಊರಿನವರಿಗೆ ಮಾತ್ರ ಸಲ್ಲುವ ವಾಕ್ಯವಾಗುತ್ತದೆ. ನಾಳೆ ಅದೇ ತರಗತಿಗೆ ಕಾಶ್ಮೀರದವರು ಬಂದರೆ ಮತ್ತೆ ಮೊದಲಿನಿಂದ ಶುರು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ಬೇರೆ ರಾಜ್ಯಗಳ ಶಿಕ್ಷಕರು ಒಟ್ಟಿಗೆ ಕೂತು ಕನ್ನಡ ಕಲಿಯುತ್ತಾರೆ. ಅಂಥ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿರುವ ಹಬ್ಬ ಯಾವುದು? ಅಷ್ಟೇಕೆ, ನಮ್ಮ ಕರಾವಳಿಯಲ್ಲೇ ತುಳುವರ ಹೊಸ ವರ್ಷ ಬಿಸು. ಸೌರಮಾನದ ಆ ಹಬ್ಬ ಏಪ್ರಿಲ್ ಮಧ್ಯದಲ್ಲಿ ಬರುತ್ತದೆ.

ಹಾಗಾದರೆ ‘ಹಬ್ಬ’ ಎಂದಷ್ಟೇ ಬರೆದರೆ? “ಹಬ್ಬವಾದರೂ ಅವನು ಹೊಸ ಬಟ್ಟೆ ಹಾಕಿಕೊಳ್ಳಲಿಲ್ಲ.” ಮೊದಲಿನದಕ್ಕಿಂತ ವಾಸಿ, ಆದರೆ ಹಬ್ಬಕ್ಕೆ ಹೊಸ ಬಟ್ಟೆ ಎಂಬುದು ಇಲ್ಲೂ ಹೇಳದೇ ಉಳಿಯಿತು. ಇನ್ನೊಂದು ಹೆಜ್ಜೆ ಮುಂದೆ ಹೋಗಿ, “ಭಾನುವಾರವಾದರೂ ಅವನು ಕಚೇರಿಗೆ ಹೋದ” ಎನ್ನೋಣ. ಇದರಲ್ಲಿ ಹಬ್ಬವೇ ಇಲ್ಲ, ಎಲ್ಲರಿಗೂ ಸಲ್ಲುವಂತೆ ಕಾಣುತ್ತದೆ. ಆದರೆ ಕುವೈತ್ ಮತ್ತು ಸೌದಿ ಅರೇಬಿಯಾದಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ವಾರದ ಮೊದಲ ಕೆಲಸದ ದಿನ. ಅಲ್ಲಿ ಹುಟ್ಟಿ ಬೆಳೆದು ಮನೆಯಲ್ಲಿ ಕನ್ನಡ ಓದಲು ಕಲಿಯುವ ಕನ್ನಡಿಗರ ಮಕ್ಕಳಿಗೆ, ಭಾನುವಾರ ಅಪ್ಪ ಕಚೇರಿಗೆ ಹೋಗುವುದರಲ್ಲಿ ಅಚ್ಚರಿ ಏನೂ ಇಲ್ಲ. ವಾರದ ರಜೆಯೂ ಒಂದು ಪದ್ಧತಿಯೇ. “ರಜೆಯ ದಿನವಾದರೂ ಅವನು ಕಚೇರಿಗೆ ಹೋದ” ಎಂದು ಬರೆದರೆ ಈ ತೊಡಕು ಬಗೆಹರಿಯುತ್ತದೆ. ಯಾವ ವಾರವೇ ಇರಲಿ, ಅಂದು ಕಚೇರಿಗೆ ಹೋಗಬೇಕಿಲ್ಲ ಎಂಬುದನ್ನು ‘ರಜೆ’ ಎಂಬ ಪದವೇ ಹೇಳಿಬಿಡುತ್ತದೆ.

ಆದರೂ ನಾನಾದರೆ ಇದನ್ನು ಆರಿಸುವುದಿಲ್ಲ. ಮೂಲ ವಾಕ್ಯದಲ್ಲಿ ಎರಡು ಸಂಗತಿಗಳಿದ್ದವು: ನಾಮಪದಕ್ಕೆ ಅಂಟಿದ ‘ಆದರೂ’, ಮತ್ತು ‘-ಲಿಲ್ಲ’ ಎಂದು ಮುಗಿಯುವ ನಿಷೇಧ ರೂಪ. ಪಾಠ ಇವೆರಡನ್ನೂ ಒಟ್ಟಿಗೆ ತೋರಿಸಲು ಹೊರಟಿದ್ದರೆ, ‘ಹೋದ’ ಎಂದ ಕೂಡಲೇ ಅರ್ಧ ಪಾಠ ಕೈಬಿಟ್ಟಂತೆ. ಉದಾಹರಣೆಯನ್ನು ಹೊಂದಿಸುವವರು ಕಥೆಯನ್ನು ಬದಲಿಸಬಹುದು, ವ್ಯಾಕರಣವನ್ನು ಬದಲಿಸುವಂತಿಲ್ಲ. ಹಾಗಾಗಿ ನನ್ನ ಆಯ್ಕೆ ಇದು: “ಮಧ್ಯರಾತ್ರಿಯಾದರೂ ಮಗು ಮಲಗಲಿಲ್ಲ.” ಆ ಹೊತ್ತಿಗೆ ಮಗು ಮಲಗಿರಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ, ಎಳೆಮಗುವನ್ನು ಸಾಕಿದ ಮನೆ ಯಾವ ಊರಿನದಾದರೂ ಸರಿ, ಓದಿದವರ ಕಣ್ಣಿಗೆ ಆ ರಾತ್ರಿ ಕಟ್ಟುತ್ತದೆ. ಹಸಿವು, ನಿದ್ದೆ, ಚಳಿ, ನೋವು, ಭಾರ, ದೂರ ಇವು ಹೀಗೆ ಎಲ್ಲ ಕಡೆ ನಡೆಯುವ ನಿರೀಕ್ಷೆಗಳು.

ತಿದ್ದಿದ ವಾಕ್ಯ ನಿಂತಿದೆಯೋ ಇಲ್ಲವೋ ಎಂದು ನೋಡಲು ಕಲಿಸುವ ಪದವನ್ನೇ ಮುಚ್ಚಿಬಿಡಿ. “ಮಧ್ಯರಾತ್ರಿ ____ ಮಗು ಮಲಗಲಿಲ್ಲ” ಎಂದು ಬರೆದು ‘ಆದರೂ’, ‘ಆದ್ದರಿಂದ’ ಎರಡನ್ನೂ ಪಕ್ಕದಲ್ಲಿಡಿ. ಇವೆರಡರ ಅರ್ಥವನ್ನು ಅವರ ಭಾಷೆಯಲ್ಲೇ ಹೇಳಿ, ಬೇರೆ ಊರಿನ ಮೂರು ನಾಲ್ಕು ಜನರಿಗೆ ಕೊಡಿ. ತಡವರಿಸದೆ ‘ಆದರೂ’ ಆರಿಸಿದರೆ ವಾಕ್ಯ ಗಟ್ಟಿ. ಯುಗಾದಿಯ ವಾಕ್ಯವನ್ನು ಇದೇ ರೀತಿ ಕೊಟ್ಟರೆ, “ಆ ದಿನ ಏನು ಮಾಡುತ್ತಾರೆ?” ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ಬಂತೆಂದರೆ ವಾಕ್ಯ ಸೋತಿತು. ಕನ್ನಡಿಗರ ಹತ್ತಿರ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ನಮಗೆ ಎರಡೂ ವಾಕ್ಯ ಒಂದೇ ಸಮನೆ ಸಲೀಸು.

ಹಬ್ಬವಾದರೆ ಹೆಸರಿನಿಂದಲೇ ಕಣ್ಣಿಗೆ ಬೀಳುತ್ತದೆ. ಸಿಕ್ಕಿಬೀಳದೆ ನುಸುಳುವುದು ಹೆಸರಿಲ್ಲದ ನಡವಳಿಕೆಗಳು. “ಬೆಕ್ಕು ಅಡ್ಡ ಬಂತು, ಅದಕ್ಕೇ ವಾಪಸ್ ಬಂದೆ” ಎಂಬಲ್ಲಿ ‘ಅದಕ್ಕೇ’ ಏಕೆ ಬಂತು ಎಂದು ಅಪಶಕುನದ ನಂಬಿಕೆ ಇಲ್ಲದವರಿಗೆ ತಿಳಿಯದು. ಬೆಕ್ಕು ಕಚ್ಚಲು ಬಂತೇನೋ ಎಂದುಕೊಂಡಾರು. “ಅವಳು ‘ಹೋಗಿ ಬರ್ತೀನಿ’ ಎಂದಳು, ಮತ್ತೆ ಬರಲೇ ಇಲ್ಲ” ಎಂಬುದನ್ನು ಓದಿದ ಹೊರಗಿನವರು ಅವಳು ಮಾತು ತಪ್ಪಿದಳು ಎಂದು ತೀರ್ಮಾನಿಸಬಹುದು. ಅದು ಬರೀ ಬೀಳ್ಕೊಡುವ ಮಾತು ಎಂದು ನಮಗೆ ಗೊತ್ತು, ಗೊತ್ತಿರುವುದರಿಂದಲೇ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಊರಿನ ಗುರುತೆಲ್ಲ ಅಳಿಸಬೇಕೆಂದು ಇದರ ಅರ್ಥವಲ್ಲ. “ಒಬ್ಬ ವ್ಯಕ್ತಿ ಒಂದು ಸ್ಥಳಕ್ಕೆ ಹೋದನು” ಎಂಬಂಥ ವಾಕ್ಯ ಯಾರಿಗೂ ನೆನಪಿನಲ್ಲಿ ಉಳಿಯುವುದಿಲ್ಲ, ಯಾರೂ ಹಾಗೆ ಮಾತಾಡುವುದೂ ಇಲ್ಲ. ಗೌರಿಯೂ ಇರಲಿ, ಹುಬ್ಬಳ್ಳಿ ಬಸ್ಸೂ ಇರಲಿ, ರಾಗಿಮುದ್ದೆಯೂ ಇರಲಿ. ವಾಕ್ಯದ ಅರ್ಥ ಅವುಗಳ ಮೇಲೆ ನಿಂತಿರದಿದ್ದರೆ ಸಾಕು. “ಹಸಿವಾಗಿದ್ದರೂ ಗೌರಿ ಮುದ್ದೆ ತಿನ್ನಲಿಲ್ಲ” ಎಂದಾಗ ಮುದ್ದೆ ಎಂದರೇನೆಂದು ತಿಳಿಯದವರಿಗೂ ಅದು ತಿನ್ನುವ ವಸ್ತು ಎಂದು ವಾಕ್ಯವೇ ಹೇಳುತ್ತದೆ.

ಪದ್ಧತಿಯನ್ನು ಬಿಡಲಾಗದ ಪದಗಳೂ ಇವೆ. ‘ಬೀರು’ ಎಂಬ ಕ್ರಿಯಾಪದವನ್ನೇ ನೋಡಿ. “ದೀಪ ಬೆಳಕು ಬೀರಿತು” ಎಂಬ ಬಳಕೆಗೆ ಯಾವ ಹಬ್ಬವೂ ಬೇಡ. ಆದರೆ ‘ಎಳ್ಳು ಬೀರುವುದು’ ಸಂಕ್ರಾಂತಿಯನ್ನು ಬಿಟ್ಟು ಇಲ್ಲ. ಅಲ್ಲಿ ಹಬ್ಬವನ್ನು ತೆಗೆಯುವುದರ ಬದಲು, ಓದುಗರು ಊಹಿಸಬೇಕಾದದ್ದನ್ನು ವಾಕ್ಯದೊಳಕ್ಕೇ ತರಬೇಕು. “ಸಂಕ್ರಾಂತಿಗೆ ಮಕ್ಕಳು ಎಳ್ಳು ಬೀರಲು ಹೋದರು” ಎಂದರೆ ಹೊಲಕ್ಕೆ ಬಿತ್ತಲು ಹೋದರೆಂದು ತಿಳಿದಾರು. “ಸಂಕ್ರಾಂತಿಯ ಸಂಜೆ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು, ಎಳ್ಳು, ಬೆಲ್ಲ, ಕೊಬ್ಬರಿ ಬೆರೆಸಿ ತುಂಬಿದ ಡಬ್ಬಿ ಹಿಡಿದು, ನೆರೆಮನೆಗಳಿಗೆ ಎಳ್ಳು ಬೀರಲು ಹೋದರು” ಎಂದರೆ ಹಂಚುವುದು ಎಂಬ ಅರ್ಥ ಅಡಿಟಿಪ್ಪಣಿ ಇಲ್ಲದೆ ಸಿಗುತ್ತದೆ. ವಾಕ್ಯ ಉದ್ದವಾಯಿತು, ನಿಜ. ನಿಘಂಟಿನಲ್ಲಿ ಜಾಗ ಕಡಿಮೆ ಇದ್ದರೆ ಹೊಸ ಬಟ್ಟೆಯನ್ನೂ ಸಂಜೆಯನ್ನೂ ಬಿಡಬಹುದು, ಡಬ್ಬಿಯನ್ನೂ ನೆರೆಮನೆಯನ್ನೂ ಬಿಡುವಂತಿಲ್ಲ.