ನಿರೀಕ್ಷಿತ ಹಣಕಾಸು ಮೌಲ್ಯ ಮತ್ತು ನಿರ್ಧಾರ ವೃಕ್ಷ

ಒಂದು ಘಟನೆಯ ಸಂಭವನೀಯತೆಯನ್ನು ಅದರಿಂದಾಗುವ ನಷ್ಟ ಅಥವಾ ಲಾಭದ ಮೊತ್ತದಿಂದ ಗುಣಿಸಿದಾಗ ದೊರೆಯುವ ಮೊತ್ತವೇ ನಿರೀಕ್ಷಿತ ಹಣಕಾಸು ಮೌಲ್ಯ. ಕಟ್ಟಡ ಕಾಮಗಾರಿಗಳಲ್ಲಿ ಒಂದು ಅಪಾಯವನ್ನು ಎದುರಿಸುವ ಬೇರೆ ಬೇರೆ ಮಾರ್ಗಗಳನ್ನು ಹೋಲಿಸಲು ಇದನ್ನು ಬಳಸುತ್ತಾರೆ. ಆ ಹೋಲಿಕೆಯ ಚಿತ್ರರೂಪವೇ ನಿರ್ಧಾರ ವೃಕ್ಷ. ಇದರಲ್ಲಿ ಚೌಕವು ಮನುಷ್ಯನು ಮಾಡುವ ಆಯ್ಕೆಯನ್ನೂ ವೃತ್ತವು ಅವನ ಕೈಮೀರಿದ ಸಂಭವವನ್ನೂ ಸೂಚಿಸುತ್ತದೆ. ವೃಕ್ಷವನ್ನು ಎಡದಿಂದ ಬಲಕ್ಕೆ ಬರೆದು, ಲೆಕ್ಕವನ್ನು ಬಲದಿಂದ ಎಡಕ್ಕೆ ಮಾಡಲಾಗುತ್ತದೆ.

== ಉದಾಹರಣೆ ==

ಬೆಂಗಳೂರಿನ ನೆಲದಡಿಯ ನೈಸ್ ಶಿಲೆ ಒಂದು ನಿವೇಶನದಲ್ಲಿ ಮೇಲೆಯೇ ಸಿಗುತ್ತದೆ, ಸಮೀಪದ ಇನ್ನೊಂದರಲ್ಲಿ ಬಹು ಆಳದಲ್ಲಿರುತ್ತದೆ. ಅಲ್ಲಿ ನೆಲಮಾಳಿಗೆ ಅಗೆಯಲಿರುವ ಗುತ್ತಿಗೆದಾರನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಬಂಡೆ ಸಿಗುವ ಸಂಭವ ಶೇ. 30, ಸಿಕ್ಕರೆ ಒಡೆಯುವ ವೆಚ್ಚ ಮತ್ತು ವಿಳಂಬ ಸೇರಿ 60 ಲಕ್ಷ ರೂಪಾಯಿ ನಷ್ಟ ಎಂದಿರಲಿ.

ಅವನು ಅಪಾಯವನ್ನು ಹಾಗೆಯೇ ಒಪ್ಪಿಕೊಂಡರೆ ನಿರೀಕ್ಷಿತ ವೆಚ್ಚ 18 ಲಕ್ಷ. ಉಪಗುತ್ತಿಗೆದಾರನೊಬ್ಬ 22 ಲಕ್ಷ ಹೆಚ್ಚುವರಿ ಪಡೆದು, ಬಂಡೆ ಸಿಗಲಿ ಸಿಗದಿರಲಿ, ಹೊಣೆಯನ್ನೆಲ್ಲ ಹೊರುತ್ತಾನೆ. ಮೂರನೆಯದಾಗಿ, ವಿನ್ಯಾಸವನ್ನು ಬದಲಿಸಿ ಅಗೆಯುವ ಆಳವನ್ನು ತಗ್ಗಿಸಲು 10 ಲಕ್ಷ ಬೇಕು. ಆಗ ಬಂಡೆ ಸಿಕ್ಕರೂ ನಷ್ಟ 20 ಲಕ್ಷವನ್ನು ಮೀರದು. ಇದರ ಲೆಕ್ಕ: 10 + (0.30 × 20) = 16 ಲಕ್ಷ. ಮೂರರಲ್ಲಿ ಇದೇ ಕಡಿಮೆ.

ಆದರೆ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಸಂಭವ ಶೇ. 25ಕ್ಕಿಂತ ಕಡಿಮೆಯಿದ್ದರೆ ಅಪಾಯವನ್ನು ಒಪ್ಪಿಕೊಳ್ಳುವುದೇ ಅಗ್ಗ, ಶೇ. 60ನ್ನು ಮೀರಿದರೆ ಉಪಗುತ್ತಿಗೆಯೇ ಅಗ್ಗ. ಊಹಿಸಿದ ಶೇ. 30 ಮೊದಲ ಗಡಿಗೆ ತೀರ ಸಮೀಪದಲ್ಲಿದೆ. ಆ ಅಂಕಿಯಾದರೋ ಹೆಚ್ಚಾಗಿ ಅನುಭವಿಗಳ ಅಂದಾಜು, ಅಳೆದು ಪಡೆದದ್ದಲ್ಲ.

== ಪರೀಕ್ಷೆಯ ಬೆಲೆ ==

ಬೋರ್‌ಹೋಲ್ ಕೊರೆದು ನೆಲವನ್ನು ಮೊದಲೇ ಪರೀಕ್ಷಿಸುವುದು ವೃಕ್ಷದ ಮತ್ತೊಂದು ಕೊಂಬೆ. ಬಂಡೆಯಿದೆಯೆಂದು ಖಚಿತವಾದ ಮೇಲೆ ಉಪಗುತ್ತಿಗೆದಾರ 22 ಲಕ್ಷಕ್ಕೆ ಒಪ್ಪಲಾರ. ಆಗ ವಿನ್ಯಾಸ ಬದಲಿಸಿ ಒಟ್ಟು 30 ಲಕ್ಷ ತೆರಬೇಕು. ಬಂಡೆಯಿಲ್ಲವಾದರೆ ಖರ್ಚಿಲ್ಲ. ಹೀಗೆ ನಿರೀಕ್ಷಿತ ವೆಚ್ಚ 9 ಲಕ್ಷಕ್ಕೆ ಇಳಿಯುತ್ತದೆ. ಆದುದರಿಂದ ತಪ್ಪೇ ಇಲ್ಲದ ಪರೀಕ್ಷೆಗೂ 7 ಲಕ್ಷಕ್ಕಿಂತ ಹೆಚ್ಚು ಕೊಡುವುದು ನಷ್ಟ. ಎರಡು ರಂಧ್ರಗಳ ನಡುವೆ ಅಡಗಿರುವ ಬಂಡೆ ಪರೀಕ್ಷೆಯ ಕಣ್ಣಿಗೆ ಬೀಳದೆ ಹೋಗಬಹುದಾದ್ದರಿಂದ ನಿಜವಾದ ಬೆಲೆ ಇನ್ನೂ ಕಡಿಮೆ.

== ಮಿತಿ ==

ನಿರೀಕ್ಷಿತ ಮೌಲ್ಯವು ಅನೇಕ ಕಾಮಗಾರಿಗಳ ಸರಾಸರಿ. ಮೊದಲ ಆಯ್ಕೆಯಲ್ಲಿ 18 ಲಕ್ಷದ ನಷ್ಟ ಎಂದೂ ಆಗುವುದಿಲ್ಲ. ಆಗುವುದು ಸೊನ್ನೆ ಅಥವಾ 60. ವರ್ಷಕ್ಕೆ ಹತ್ತಾರು ಕಟ್ಟಡ ಕಟ್ಟುವ ಸಂಸ್ಥೆಗೆ ಸರಾಸರಿ ಹೊಂದೀತು. 25 ಲಕ್ಷ ಮಾತ್ರ ಮೀಸಲಿರುವ ಸಣ್ಣ ಗುತ್ತಿಗೆದಾರನಿಗೆ, 16 ಲಕ್ಷದ ಮಾರ್ಗದಲ್ಲೂ ಬಂಡೆ ಸಿಕ್ಕರೆ 30 ಲಕ್ಷ ಬೇಕಾಗುತ್ತದೆ. ಅಂಥವನು ದುಬಾರಿಯಾದ 22 ಲಕ್ಷದ ಉಪಗುತ್ತಿಗೆಯನ್ನೇ ಆರಿಸಿಕೊಂಡರೆ ಅದು ಅವಿವೇಕವಲ್ಲ.