ಕೆನೆಗೆಷ್ಟು, ಹಾಲಿಗೆಷ್ಟು?

ಡೇರಿಯ ಕ್ರೀಮ್ ಸಪರೇಟರ್‌ನೊಳಗೆ ಹಾಲು ಗಿರ್ರನೆ ತಿರುಗುತ್ತದೆ. ಭಾರವಾದ ಹಾಲು ಹೊರಅಂಚಿಗೆ ಸರಿದರೆ ಹಗುರಾದ ಕೆನೆ ನಡುವೆ ಉಳಿದು, ಎರಡೂ ಬೇರೆ ಬೇರೆ ಕೊಳವೆಯಲ್ಲಿ ಹೊರಬರುತ್ತವೆ. ಸ್ವೀಡನ್ನಿನ ಗುಸ್ತಾಫ್ ಡಿ ಲವಾಲ್ 1878ರಲ್ಲಿ ರೂಪಿಸಿದ ಈ ಉಪಾಯ ಕೆಲಸವನ್ನೇನೋ ಸಲೀಸಾಗಿಸಿತು. ಆದರೆ ಹಾಲು ಕೊಂಡ ಹಣದಲ್ಲಿ ಕೆನೆಯ ಪಾಲೆಷ್ಟು, ಕೆನೆ ತೆಗೆದ ಹಾಲಿನ ಪಾಲೆಷ್ಟು ಎಂಬುದನ್ನು ಯಂತ್ರ ಹೇಳುವುದಿಲ್ಲ.

ಒಂದನ್ನು ಬಿಟ್ಟು ಇನ್ನೊಂದನ್ನು ತಯಾರಿಸಲಾಗದ, ಎರಡಕ್ಕೂ ಒಳ್ಳೆಯ ಬೆಲೆಯಿರುವ ಇಂಥವು ಜಂಟಿ ಉತ್ಪನ್ನಗಳು. ಅವು ಬೇರೆಯಾಗುವ ಜಾಗವೇ ವಿಭಜನಾ ಬಿಂದು. ಅಲ್ಲಿಯವರೆಗಿನ ಖರ್ಚೆಲ್ಲ ಸಾಮಾನ್ಯ ವೆಚ್ಚ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. 1,000 ಕಿಲೋ ಹಾಲಿಗೆ 33,000 ರೂಪಾಯಿ, ಬೇರ್ಪಡಿಸಲು 2,000, ಒಟ್ಟು 35,000. ಸಿಕ್ಕಿದ್ದು 100 ಕಿಲೋ ಕೆನೆ, 900 ಕಿಲೋ ಕೆನೆ ತೆಗೆದ ಹಾಲು. ಕೆನೆಗೆ ಕಿಲೋಗೆ 240, ಹಾಲಿಗೆ 20 ರೂಪಾಯಿ ಸಿಗುತ್ತದೆ.

ತೂಕದ ಪ್ರಕಾರ ಹಂಚಿದರೆ ಎರಡಕ್ಕೂ ಕಿಲೋಗೆ 35 ರೂಪಾಯಿ ವೆಚ್ಚ ಬೀಳುತ್ತದೆ. ಆಗ ಕೆನೆಯಲ್ಲಿ 20,500 ರೂಪಾಯಿ ಲಾಭ, ಹಾಲಿನಲ್ಲಿ 13,500 ನಷ್ಟ. ಹಾಗೆಂದು ಹಾಲನ್ನು ಕೈಬಿಟ್ಟು ಕೆನೆಯನ್ನಷ್ಟೇ ಮಾಡುವುದುಂಟೇ?

ಆದ್ದರಿಂದ ಮಾರಾಟ ಮೌಲ್ಯದ ಪ್ರಕಾರ ಹಂಚುವುದು ರೂಢಿ. ಕೆನೆಯ ಮೌಲ್ಯ 24,000, ಹಾಲಿನದು 18,000. ಅದೇ ಅನುಪಾತದಲ್ಲಿ ವೆಚ್ಚ ಕೆನೆಗೆ 20,000, ಹಾಲಿಗೆ 15,000 ಆಗುತ್ತದೆ. ಎರಡೂ ಲಾಭ ತೋರುತ್ತವೆ. ಒಟ್ಟು ಲಾಭ ಮಾತ್ರ ಎರಡೂ ವಿಧಾನದಲ್ಲಿ ಅದೇ 7,000.

ಪನೀರ್ ಒಡೆದಾಗ ಉಳಿಯುವ ನೀರಿನ ಕಥೆ ಬೇರೆ. ಪನೀರಿನ ಮುಂದೆ ಅದರ ಬೆಲೆ ತೀರಾ ಕಡಿಮೆಯಿದ್ದರೆ ಅದು ಉಪ ಉತ್ಪನ್ನ. ಅದಕ್ಕೆ ವೆಚ್ಚದ ಪಾಲು ಹಂಚುವ ಬದಲು, ಮಾರಿ ಬಂದ ನಿವ್ವಳ ಹಣವನ್ನು ಪನೀರಿನ ವೆಚ್ಚದಿಂದ ಕಳೆದುಬಿಡುತ್ತಾರೆ. 10,000 ರೂಪಾಯಿ ವೆಚ್ಚದ ಪನೀರಿನಿಂದ ಉಳಿದ ನೀರಿಗೆ ಖರ್ಚು ಕಳೆದು 300 ಬಂದರೆ ಪನೀರಿನ ವೆಚ್ಚ 9,700. ಅದೇ ನೀರಿನಿಂದ ಪ್ರೋಟೀನ್ ಪುಡಿ ತೆಗೆದು ಒಳ್ಳೆಯ ಬೆಲೆಗೆ ಮಾರುವ ಕಾರ್ಖಾನೆಯಲ್ಲಿ ಅದು ಜಂಟಿ ಉತ್ಪನ್ನವಾಗಿಬಿಡಬಹುದು.

ಎಡವುವ ಜಾಗ ಇನ್ನೊಂದಿದೆ. ಆ 900 ಕಿಲೋ ಹಾಲನ್ನು ಒಣಗಿಸಿ 80 ಕಿಲೋ ಪುಡಿ ಮಾಡಿ, ಕಿಲೋಗೆ 250ರಂತೆ ಮಾರಿದರೆ 20,000 ರೂಪಾಯಿ. ಒಣಗಿಸಲು 3,000 ತಗಲುತ್ತದೆ. ಹಂಚಿಕೆಯ 15,000 ಸೇರಿಸಿದರೆ ಒಟ್ಟು ವೆಚ್ಚ 18,000, ಲಾಭ 2,000. ಲಾಭವಿದೆಯಲ್ಲ ಎಂದು ಯಂತ್ರ ಚಾಲೂ ಮಾಡಿದರೆ ಕೆಟ್ಟಂತೆ. ಹಾಲನ್ನೇ ಮಾರಿದ್ದರೆ 18,000 ಕೈಗೆ ಬರುತ್ತಿತ್ತು. ಪುಡಿಯಿಂದ ಖರ್ಚು ಕಳೆದು ಬರುವುದು 17,000. ಆ 15,000 ಎರಡು ದಾರಿಯಲ್ಲೂ ಆಗಲೇ ಖರ್ಚಾದ ಹಣ. ಈ ತೀರ್ಮಾನಕ್ಕೆ ಬೇಕಾದದ್ದು ಎರಡೇ ಅಂಕಿ: ಒಣಗಿಸುವುದರಿಂದ ಹೆಚ್ಚುವ ಆದಾಯ 2,000, ಹೆಚ್ಚುವ ಖರ್ಚು 3,000.