ಸ್ಪ್ರಿಂಗ್ ತೊಟ್ಟಿಲಿನ ಒಂದು ಸೆಕೆಂಡು

ತೊಲೆಗೆ ಸ್ಪ್ರಿಂಗ್ ಕಟ್ಟಿ, ಅದಕ್ಕೆ ಸೀರೆಯ ಜೋಲಿ ತೂಗುಹಾಕಿದ್ದಾರೆ. ಮಗು, ಜೋಲಿ ಸೇರಿ 5 ಕೆ.ಜಿ. ಆ ಭಾರಕ್ಕೆ ಸ್ಪ್ರಿಂಗ್ 25 ಸೆಂ.ಮೀ. ಹಿಗ್ಗಿ ನಿಂತಿದೆ. ಲೆಕ್ಕಕ್ಕೆ ಇಷ್ಟು ಸಾಕು.

ಭಾರ 5 × 9.8 = 49 ನ್ಯೂಟನ್. ಅದನ್ನು 0.25 ಮೀಟರಿನಿಂದ ಭಾಗಿಸಿದರೆ 196. ಇದು ಸ್ಪ್ರಿಂಗಿನ ಬಿಗಿ, k. ಒಮ್ಮೆ ಕೆಳಗಿಳಿದು ಮೇಲೇರಿ ಬರಲು ಹಿಡಿಯುವ ಆವರ್ತಕಾಲ T = 2π√(m/k), ಅಂದರೆ ಹೆಚ್ಚುಕಡಿಮೆ 1 ಸೆಕೆಂಡು. ಮೆಲ್ಲಗೆ ಎಳೆದರೂ ಜೋರಾಗಿ ಎಳೆದರೂ ಅಷ್ಟೇ. ಅಜ್ಜಿ ಎಷ್ಟು ಅವಸರಪಟ್ಟರೂ ತೊಟ್ಟಿಲು ತನ್ನ ತಾಳ ಬಿಡುವುದಿಲ್ಲ.

ಬದಲಾಗುವುದು ವೇಗ. ನಿಂತ ಜಾಗದಿಂದ 10 ಸೆಂ.ಮೀ. ಕೆಳಗೆಳೆದು ಬಿಟ್ಟರೆ ಗರಿಷ್ಠ ವೇಗ A√(k/m) = 0.1 × 6.26, ಸೆಕೆಂಡಿಗೆ ಸುಮಾರು 63 ಸೆಂ.ಮೀ. ತುತ್ತತುದಿಗಳಲ್ಲಿ ತೊಟ್ಟಿಲು ಕ್ಷಣಮಾತ್ರ ನಿಲ್ಲುತ್ತದೆ. ಈ ವೇಗ ಸಿಗುವುದು ನಡುವೆ, ಅದು ಮೊದಲು ಸುಮ್ಮನೆ ನಿಂತಿದ್ದ ಮಟ್ಟದಲ್ಲಿ. ಮಕ್ಕಳು ಪರೀಕ್ಷೆಯಲ್ಲಿ ಎಡವುವುದು A ವಿಷಯದಲ್ಲಿ: ಮೇಲಿನ ತುದಿಯಿಂದ ಕೆಳತುದಿಯವರೆಗಿನ 20 ಸೆಂ.ಮೀ. ಹಾಕಿ ವೇಗವನ್ನು ಇಮ್ಮಡಿ ಮಾಡಿಬಿಡುತ್ತಾರೆ.

25 ಸೆಂ.ಮೀ.ಗಿಂತ ಹೆಚ್ಚು ಎಳೆದರೆ ಮೇಲ್ತುದಿಯಲ್ಲಿ ಸ್ಪ್ರಿಂಗಿನ ಎಳೆತವೇ ಇಲ್ಲವಾಗಿ ಜೋಲಿ ಸಡಿಲಗೊಳ್ಳುತ್ತದೆ. ಆಗ ಈ ಸೂತ್ರ ನಡೆಯದು, ಮಗು ಎಚ್ಚರಗೊಳ್ಳುವುದು ಬೇರೆ.